ಸಿಟ್ಟಿನ ಕರೆಯ ಮೊದಲ ನಿಮಿಷ

ಸೇಲಂನ ದೇವಾಂಗರ ಮನೆಗಳಲ್ಲಿ ಇವತ್ತಿಗೂ ಕನ್ನಡ ಕೇಳುತ್ತದೆ. ಓದುಬರಹವೆಲ್ಲ ತಮಿಳಿನಲ್ಲಿ, ಜಗಳ, ಮುದ್ದು, ಲೆಕ್ಕಾಚಾರ ಕನ್ನಡದಲ್ಲಿ. ಹೊಸೂರಿನ ಕಡೆಯೂ ಹೀಗೆಯೇ. ಈ ಸೀಮೆಯ ಮಕ್ಕಳು ಬ್ಯಾಂಕಿನ ಕನ್ನಡ ಗ್ರಾಹಕರ ಕರೆ ತೆಗೆದುಕೊಳ್ಳುವ ಕೆಲಸಕ್ಕೆ ಸೇರಿದಾಗ ಅವರಿಗೆ ತರಬೇತಿ ಕೊಡುವವರಲ್ಲಿ ನಾನೂ ಒಬ್ಬಳು. ಕನ್ನಡ ಓದಲು ಬಾರದಿದ್ದರೂ ಅವರಿಗೆ ತೊಂದರೆಯಿಲ್ಲ. ಹೇಳಬೇಕಾದ ವಾಕ್ಯಗಳನ್ನು ತಮಿಳು ಅಕ್ಷರದಲ್ಲಿ ಬರೆದಿಟ್ಟುಕೊಂಡು ಲೀಲಾಜಾಲವಾಗಿ ಮಾತಾಡುತ್ತಾರೆ.

ಒಬ್ಬ ಹುಡುಗಿಯ ದನಿ ಮಾತ್ರ ಬಲು ಜೋರು. ಮನೆಯಲ್ಲಿ ಪವರ್‌ಲೂಮ್ ಇದೆ. ಮಗ್ಗದ ಸದ್ದನ್ನು ಮೀರಿ ಮಾತಾಡಿ ಅಭ್ಯಾಸ. ಎದುರು ಕೂತರೆ ಅದು ಆಪ್ತವಾಗಿಯೇ ಕೇಳುತ್ತದೆ, ಹೆಡ್‌ಸೆಟ್‌ನಲ್ಲಿ ಜಗಳಕ್ಕೆ ಬಂದ ಹಾಗಿರುತ್ತದೆ. ದನಿ ಸಣ್ಣಗೆ ಮಾಡು ಎಂದರೆ ಮಾತೇ ನಿಂತುಹೋಗುತ್ತದೆ. ಮೈಕನ್ನು ಬಾಯಿಯ ನೇರದಿಂದ ಸರಿಸಿ, ತುಟಿಯ ಅಂಚಿನಿಂದ ಎರಡು ಬೆರಳು ದೂರಕ್ಕೆ ಇಡಿಸಿದೆ. ಉಸಿರು ಬಡಿಯುವುದು ನಿಂತಿತು, ಅರ್ಧ ಜಗಳವೂ ಹೋಯಿತು.

ಉಳಿದರ್ಧಕ್ಕೆ ಅಣಕು ಕರೆ ಬೇಕು. ಸಿಟ್ಟಿನ ಗ್ರಾಹಕನ ಪಾತ್ರ ನನ್ನದು. ನಾಲ್ಕನೇ ತಾರೀಕು ಬೇರೆ ಬ್ಯಾಂಕಿನ ಎಟಿಎಂನಲ್ಲಿ 10,000 ರೂಪಾಯಿ ಒತ್ತಿದ್ದೇನೆ. ಹಣ ಬರಲಿಲ್ಲ, ಖಾತೆಯಲ್ಲಿ ಕಡಿತವಾಗಿದೆ. ಆವತ್ತೇ ಫೋನ್ ಮಾಡಿದಾಗ ಯಾರೋ "ಎರಡು ದಿನ ಕಾಯಿರಿ" ಎಂದಿದ್ದರು. ಇವತ್ತು ಏಳು. "ಏನ್ರೀ, ನಿಮ್ಮ ಬ್ಯಾಂಕಲ್ಲಿ ದುಡ್ಡಿಡೋದೇ ತಪ್ಪಾ?" ಎಂದು ಶುರುಮಾಡುತ್ತೇನೆ.

ಹೊಸಬರು ಇಲ್ಲಿ ಎಡವುವುದು ಸಾಮಾನ್ಯವಾಗಿ ಎರಡು ಕಡೆ. ಕೆಲವರು "ಸರ್, ಸಮಾಧಾನ ಮಾಡ್ಕೊಳ್ಳಿ" ಅನ್ನುತ್ತಾರೆ. ನನ್ನ ಹಣದ ಮಾತು ಬಿಟ್ಟು ನನ್ನ ಗುಣದ ಮಾತಿಗೆ ಬಂದರಲ್ಲ ಎಂದು ಗ್ರಾಹಕ ಇನ್ನಷ್ಟು ಕೆರಳುತ್ತಾನೆ. ಇನ್ನು ಕೆಲವರು ಆತ ಉಸಿರು ತೆಗೆದುಕೊಳ್ಳುವ ಮೊದಲೇ ಹುಟ್ಟಿದ ದಿನಾಂಕ ಕೇಳುತ್ತಾರೆ. ದುಡ್ಡು ಕಳೆದುಕೊಂಡವನನ್ನೇ ನೀನು ಯಾರು ಎಂದು ಕೇಳಿದಂತಾಗುತ್ತದೆ. ಗುರುತು ಪರಿಶೀಲನೆ ಬಿಡುವ ಹಾಗಿಲ್ಲ, ಅದಕ್ಕೆ ಸಮಯ ನೋಡಬೇಕು. ಮೊದಲ ಆವೇಶ ಮುಗಿಯುವವರೆಗೆ ಅಡ್ಡ ಬಾಯಿ ಹಾಕಬಾರದು. ನಡುನಡುವೆ "ಹ್ಞೂಂ, ಹೇಳಿ ಸರ್" ಎಂದರೆ ಸಾಕು. ತೀರಾ ಮೌನವಾದರೆ ಲೈನ್ ಕಟ್ಟಾಯಿತೇನೋ ಎಂದು ಕೂಗು ಏರುತ್ತದೆ.

ಆಮೇಲೆ ಆತ ಹೇಳಿದ್ದನ್ನೇ ತಿರುಗಿ ಹೇಳಬೇಕು: "ನಾಲ್ಕನೇ ತಾರೀಕು ಹತ್ತು ಸಾವಿರ ಕಟ್ ಆಗಿದೆ, ಕೈಗೆ ಬಂದಿಲ್ಲ. ಎರಡು ದಿನ ಅಂತ ಹೇಳಿದ್ರು, ಅದೂ ದಾಟಿದೆ. ಸರಿನಾ ಸರ್?" ಸಿಟ್ಟು ಇಳಿಯುವುದು ಇಲ್ಲಿ ಎಂಬುದು ನನ್ನ ಗಟ್ಟಿ ನಂಬಿಕೆ. "ನಿಮ್ಮ ನೋವು ಅರ್ಥವಾಗುತ್ತದೆ" ಎಂಬ ಬಾಯಿಪಾಠಕ್ಕೆ ಈ ಬಲವಿಲ್ಲ. ಆತ "ಹೌದು" ಎಂದ ಮೇಲೆ, "ನಿಮ್ಮ ಖಾತೆ ವಿವರ ಬೇರೆಯವರಿಗೆ ಹೋಗಬಾರದು, ಅದಕ್ಕೆ ಎರಡು ಪ್ರಶ್ನೆ ಕೇಳ್ತೀನಿ" ಎಂದರೆ ಯಾರೂ ಬೈಯುವುದಿಲ್ಲ. ಪಿನ್, ಒಟಿಪಿ ಮಾತ್ರ ಯಾವತ್ತೂ ಕೇಳಕೂಡದು.

ಈಗ ಉತ್ತರ. ಎರಡು ದಿನ ಎಂದವರು ಬಾಯಿಗೆ ಬಂದದ್ದು ಹೇಳಿದ್ದರು. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ, ಹೀಗೆ ವಿಫಲವಾದ ಎಟಿಎಂ ವ್ಯವಹಾರದ ಹಣ ಐದು ದಿನದೊಳಗೆ ಖಾತೆಗೆ ವಾಪಸಾಗಬೇಕು. ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ, ಗ್ರಾಹಕ ಕೇಳದಿದ್ದರೂ. ಅಂದರೆ ನಮ್ಮ ಲೆಕ್ಕಕ್ಕೆ ಗಡುವು ಒಂಬತ್ತನೇ ತಾರೀಕು. ಹನ್ನೆರಡಕ್ಕೆ ಬಂದರೆ ಮೂರು ದಿನದ 300 ಜೊತೆಗೆ ಬರಬೇಕು. ಹಾಗೆಂದು "ಹಣ ಬಂದೇ ಬರುತ್ತೆ" ಎಂದು ಮಾತು ಕೊಡುವಂತಿಲ್ಲ. ಯಂತ್ರದ ದಾಖಲೆ ನೋಡಿ, ಅದರಲ್ಲಿ ನಗದು ಹೆಚ್ಚುಳಿದಿದೆಯೇ ಎಂದು ತಾಳೆ ಮಾಡುವವರು ಬೇರೆ. ನಮ್ಮ ಪರದೆಯಲ್ಲಿ ಅದು ಕಾಣುವುದಿಲ್ಲ. "ದೂರು ದಾಖಲಾಗಿದೆ, ಸಂಖ್ಯೆ ಬರೆದುಕೊಳ್ಳಿ. ಹಣ ಯಂತ್ರದಿಂದ ಹೊರಗೆ ಬಂದಿಲ್ಲ ಅಂತ ಖಚಿತವಾದರೆ ಒಂಬತ್ತರೊಳಗೆ ವಾಪಸಾಗಬೇಕು" ಎನ್ನಬಹುದು, ಅಷ್ಟೇ. ಮೂವತ್ತು ದಿನದಲ್ಲಿ ಬ್ಯಾಂಕು ಪರಿಹರಿಸದಿದ್ದರೆ ಒಂಬುಡ್ಸ್‌ಮನ್ ಇದ್ದಾರೆ ಎಂಬುದನ್ನೂ ಮುಚ್ಚಿಡಬಾರದು.

ಹೋಲ್ಡ್ ಹಾಕುವುದಾದರೆ ಯಾಕೆ, ಎಷ್ಟು ಹೊತ್ತು ಎಂದು ಹೇಳಿ, ಆ ಹೊತ್ತಿಗಿಂತ ಮುಂಚೆ ಮರಳಬೇಕು. ಮಾಹಿತಿ ಸಿಗದಿದ್ದರೂ ಮರಳಬೇಕು. ಅಮ್ಮ ಅಕ್ಕ ಎಂದು ಬೈಗುಳಕ್ಕಿಳಿದರೆ ಸಹಿಸಿಕೊಂಡು ಕೂರು ಎಂದು ನಾನು ಯಾವ ಮಗುವಿಗೂ ಹೇಳುವುದಿಲ್ಲ. "ನಿಮ್ಮ ಕೆಲಸ ಮಾಡಿಕೊಡ್ತೀನಿ, ಈ ಮಾತು ಬೇಡ" ಎಂದು ಒಮ್ಮೆ ಎಚ್ಚರಿಸಿ, ನಿಲ್ಲದಿದ್ದರೆ ಸೂಪರ್‌ವೈಸರ್‌ಗೆ ಕೊಡಬೇಕು. ಕೊಡುವ ಮೊದಲು ವಿಷಯವೆಲ್ಲ ಅವರಿಗೆ ಹೇಳಿರಬೇಕು, ಗ್ರಾಹಕ ಮತ್ತೆ ಮೊದಲಿನಿಂದ ಕಥೆ ಶುರುಮಾಡುವಂತಾಗಬಾರದು.

ಕರೆ ಮುಗಿದ ಮೇಲಿನ ಟಿಪ್ಪಣಿಗೂ ಇದೇ ಮಾತು ಸಲ್ಲುತ್ತದೆ. ಹೊಸಬರು "ಗ್ರಾಹಕ ಕೋಪದಲ್ಲಿದ್ದಾರೆ" ಎಂದು ಬರೆದು ಮುಗಿಸುತ್ತಾರೆ. ಮುಂದಿನವರಿಗೆ ಅದರಿಂದ ಭಯವಾಗುತ್ತದೆ, ಪ್ರಯೋಜನವಾಗುವುದಿಲ್ಲ. ಮಗ್ಗದ ಮನೆಯ ಹುಡುಗಿ ಮೂರನೇ ಸಲಕ್ಕೆ ಸರಿಯಾಗಿ ಬರೆದಳು: ನಾಲ್ಕಕ್ಕೆ 10,000 ಕಡಿತ, ನಗದು ಬಂದಿಲ್ಲ, ಹಿಂದೆ ಎರಡು ದಿನ ಎಂದು ತಪ್ಪಾಗಿ ಹೇಳಲಾಗಿತ್ತು, ಈಗ ಒಂಬತ್ತು ಎಂದು ತಿಳಿಸಿದೆ.