ಸಿಸ್ಟರ್ ಅಂದರೆ ಯಾರು?

ಅಮ್ಮನ ಮಂಡಿಯ ಶಸ್ತ್ರಚಿಕಿತ್ಸೆಯಾದ ಮರುದಿನ ಮಧ್ಯಾಹ್ನ ನಾನು ಕೆಳಗೆ ಕ್ಯಾಂಟೀನಿಗೆ ಹೋಗಿದ್ದೆ. ಗುರುಗ್ರಾಮದ ಒಂದು ಖಾಸಗಿ ಆಸ್ಪತ್ರೆ. ಡ್ರಿಪ್ ಹಾಕಿದ್ದ ಎಡಗೈ ಉರಿಯುತ್ತಿದೆ ಎಂದು ಅಮ್ಮ ತನ್ನ ಹರಕುಮುರುಕು ಹಿಂದಿಯಲ್ಲಿ ಅಲ್ಲಿಗೆ ಬಂದ 'ಸಿಸ್ಟರ್'ಗೆ ಹೇಳಿದಳಂತೆ. ಆಕೆ ತಲೆಯಾಡಿಸಿ, ದಿಂಬು ಸರಿಮಾಡಿ ಹೋದಳಂತೆ. ಹೇಳಿದ್ದಾಯಿತಲ್ಲ ಎಂದು ಅಮ್ಮ ಸುಮ್ಮನಾದಳು. ನನಗೂ ಹೇಳಲಿಲ್ಲ.

ಆಕೆ ನರ್ಸ್ ಆಗಿರಲಿಲ್ಲ. ಇಲ್ಲಿನ ಆಸ್ಪತ್ರೆಗಳಲ್ಲಿ ಜಿಡಿಎ ಎಂದು ಕರೆಯುವ ಸಹಾಯಕಿ. ಹಾಸಿಗೆ ಬದಲಿಸುವುದು, ಬೆಡ್‌ಪ್ಯಾನ್ ಕೊಡುವುದು, ರೋಗಿಯನ್ನು ಮಗ್ಗುಲಿಗೆ ಹೊರಳಿಸುವುದು ಅವರ ಕೆಲಸ. ಡ್ರಿಪ್ ಮುಟ್ಟುವಂತಿಲ್ಲ. ಅಮ್ಮನಿಗೆ ಎಲ್ಲವೂ ಒಂದೇ ಥರದ ಸಮವಸ್ತ್ರ. ಅದೂ ಅಲ್ಲದೆ ದಿಲ್ಲಿಯ ವಾರ್ಡುಗಳಲ್ಲಿ 'ಸಿಸ್ಟರ್' ಎಂದು ಕೂಗಿದರೆ ಹತ್ತಿರವಿದ್ದ ಯಾವ ಹೆಂಗಸಾದರೂ ತಿರುಗುತ್ತಾಳೆ. ಆ ಪದ ಕರೆಯುವುದಕ್ಕೆ ಸಾಕು. ಬಂದವರು ಯಾರು, ಏನು ಮಾಡಬಲ್ಲರು ಎಂದು ತಿಳಿಯುವುದಕ್ಕೆ ಸಾಲದು. ಭಾಷಾಶಾಸ್ತ್ರ ಓದಿದ ನನಗೆ ಈ ವ್ಯತ್ಯಾಸ ಮೊದಲೇ ಹೊಳೆಯಬೇಕಿತ್ತು.

ರಾತ್ರಿ ಎಂಟಕ್ಕೆ ಪಾಳಿ ಬದಲಾಯಿತು. ಹಗಲಿನ ನರ್ಸ್ ಫೈಲು ಹಿಡಿದು ಮುಂದೆ, ರಾತ್ರಿಯವರು ಜೊತೆಗೆ, ಒಂದೊಂದೇ ಹಾಸಿಗೆ ದಾಟುತ್ತ ಬಂದರು. ರಾತ್ರಿಯ ನರ್ಸ್ ಕೇರಳದವರು. ಹಾಸಿಗೆಯ ಕಾಲಿನ ಕಡೆ ನಿಲ್ಲದೆ ಅಮ್ಮನ ಮುಖದ ಬಳಿ ಬಂದು ನಮಸ್ತೆ ಹೇಳಿದರು. ತಮ್ಮ ಹೆಸರು ಹೇಳಿದರು. ತಾನು ಸ್ಟಾಫ್ ನರ್ಸ್, ಬೆಳಿಗ್ಗೆ ಎಂಟರವರೆಗೆ ನಿಮ್ಮನ್ನು ನೋಡಿಕೊಳ್ಳುವವಳು ನಾನೇ, ಔಷಧಿ, ಡ್ರಿಪ್, ನೋವು ಯಾವುದಿದ್ದರೂ ನನಗೇ ಹೇಳಿ ಎಂದರು. ಎಲ್ಲ ಸೇರಿ ಹತ್ತು ಹದಿನೈದು ಸೆಕೆಂಡು.

ಆಮೇಲೆ, "ನಿಮ್ಮ ಹೆಸರು ಹೇಳ್ತೀರಾ?" ಎಂದು ಕೇಳಿದರು. ಹೆಸರನ್ನು ತಾವೇ ಹೇಳಿ "ನೀವು ಇಂಥವರು ತಾನೇ?" ಎಂದು ಕೇಳಲಿಲ್ಲ. ಹಾಗೆ ಕೇಳಿದ್ದರೆ ಅಮ್ಮ ಏನು ಕೇಳಿಸಿದರೂ "ಹಾಂ ಜೀ" ಎನ್ನುತ್ತಿದ್ದಳು. ಕಿವಿ ಮಂದವಾದವರು, ಭಾಷೆ ಬಾರದವರು, ಮಂಪರಿನಲ್ಲಿರುವವರು ಹಾಗೇ ಮಾಡುತ್ತಾರೆ. ಅಮ್ಮ ಹೇಳಿದ್ದು ಮನೆಯಲ್ಲಿ ಕರೆಯುವಂತೆ, ಕೊನೆಗೆ ಒಂದು 'ಅಮ್ಮ' ಸೇರಿಸಿದ ಹೆಸರು. ಕೈಪಟ್ಟಿಯಲ್ಲಿ ಇದ್ದದ್ದು ಅಪ್ಪನ ಹೆಸರನ್ನು ಉಪನಾಮವಾಗಿ ಅಂಟಿಸಿದ ದಾಖಲೆಯ ಹೆಸರು. ನರ್ಸ್ ಅಷ್ಟಕ್ಕೇ ಬಿಡದೆ ಪಟ್ಟಿಯ ಮೇಲಿನ ಆಸ್ಪತ್ರೆಯ ನೋಂದಣಿ ಸಂಖ್ಯೆಯನ್ನೂ ಫೈಲಿಗೆ ತಾಳೆ ನೋಡಿದರು. ಹೆಸರೊಂದನ್ನೇ ನಂಬದೆ ಎರಡು ಗುರುತು ನೋಡುವ ನಿಯಮ ಇರುವುದೇ ಇಂಥ ಗೊಂದಲಕ್ಕಾಗಿ.

ಹಗಲಿನ ನರ್ಸ್ ಡ್ರಿಪ್ಪಿನ ಬಗ್ಗೆ ಓದಿ ಹೇಳುತ್ತಿದ್ದಾಗ ಅಮ್ಮ ಬಾಯಿಬಿಟ್ಟಳು. ಹಿಂದಿ ಮರೆತು ಕನ್ನಡದಲ್ಲೇ, "ಕೈ ಉರೀತಿದೆ, ಮಧ್ಯಾಹ್ನವೇ ಹೇಳಿದ್ದೆ." 'ಕೈ' ಮಲಯಾಳಂನಲ್ಲೂ ಕೈಯೇ. ನಾನು ಅನುವಾದಿಸುವ ಮೊದಲೇ ನರ್ಸ್ ಕೈ ಹಿಡಿದು ನೋಡಿದ್ದರು. ಸೂಜಿ ಹಾಕಿದ ಜಾಗದ ಸುತ್ತ ಊದಿ, ಚರ್ಮ ಬಿಗಿದು ತಣ್ಣಗಾಗಿತ್ತು. ದ್ರವ ರಕ್ತನಾಳಕ್ಕೆ ಹೋಗದೆ ಸುತ್ತಲಿನ ಮಾಂಸಕ್ಕೆ ಸೋರುತ್ತಿದೆ ಎಂಬುದರ ಗುರುತು ಅದು. ನಾಳವೇ ಉರಿಯೂತಗೊಂಡಿದ್ದರೆ ಕೆಂಪಾಗಿ ಬಿಸಿಯಾಗಿರುತ್ತಿತ್ತು ಎಂದು ಆಮೇಲೆ ವಿವರಿಸಿದರು. ಡ್ರಿಪ್ ನಿಲ್ಲಿಸಿ, ಕೊಳವೆ ತೆಗೆದು, ಕೈಯನ್ನು ದಿಂಬಿನ ಮೇಲೆ ಎತ್ತರಕ್ಕಿಟ್ಟು, ಬಲಗೈಗೆ ಹೊಸದು ಹಾಕಿದರು. ಎರಡು ದಿನದಲ್ಲಿ ಊತ ಇಳಿಯಿತು. ಹೋಗುತ್ತಿದ್ದದ್ದು ಬರೀ ಸಲೈನ್ ಆಗಿದ್ದು ನಮ್ಮ ಪುಣ್ಯ. ಕೆಲವು ಔಷಧಿಗಳು ಹಾಗೆ ಸೋರಿದರೆ ಚರ್ಮವನ್ನೇ ಸುಡುತ್ತವೆ.

ಇಂಗ್ಲೆಂಡಿನ ವೈದ್ಯೆ ಕೇಟ್ ಗ್ರೇಂಜರ್ 2013ರಲ್ಲಿ ತಾವೇ ಕ್ಯಾನ್ಸರ್ ರೋಗಿಯಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಬಂದವರಲ್ಲಿ ಹಲವರು ತಮ್ಮ ಹೆಸರನ್ನೇ ಹೇಳುವುದಿಲ್ಲ ಎಂಬುದನ್ನು ಗಮನಿಸಿ 'ಹಲೋ, ನನ್ನ ಹೆಸರು' ಎಂಬ ಅಭಿಯಾನ ಶುರುಮಾಡಿದರು. 2016ರಲ್ಲಿ ತೀರಿಕೊಂಡರು. ಅವರು ಕೇಳಿದ್ದು ಮುಖ್ಯವಾಗಿ ಮನುಷ್ಯರ ನಡುವಿನ ಪರಿಚಯವನ್ನು. ಗುರುಗ್ರಾಮದ ವಾರ್ಡಿನಲ್ಲಿ ನನಗೆ ಕಂಡದ್ದು ಅದರ ಇನ್ನೊಂದು ಮುಖ: ಹೆಸರಿಗಿಂತ ಅದರ ಹಿಂದೆ ಬರುವ ಮಾತು, ಅಂದರೆ ಕೆಲಸ ಯಾವುದು ಮತ್ತು ಎಷ್ಟು ಗಂಟೆಯವರೆಗೆ ಎಂಬುದು, ದೂರನ್ನು ಸರಿಯಾದ ಕಿವಿಗೆ ತಲುಪಿಸುತ್ತದೆ.

ಎಲ್ಲ ಕಡೆ ಇದು ಹೀಗೇ ನಡೆಯಲಾರದು. ಪಕ್ಕದ ಹಾಸಿಗೆಯವರು ನಿದ್ದೆಯಲ್ಲಿದ್ದರು. ನರ್ಸ್ ಎಬ್ಬಿಸದೆ ಕೈಪಟ್ಟಿ ಮಾತ್ರ ನೋಡಿದರು, ಎದ್ದ ಮೇಲೆ ಬಂದು ಪರಿಚಯ ಹೇಳಿಕೊಂಡರು. ಪರದೆಯಾಚೆಗೂ ಕೇಳುವ ವಾರ್ಡಾದ್ದರಿಂದ ಅವರ ಕಾಯಿಲೆಯ ಮಾತನ್ನು ಬಾಗಿಲಾಚೆ ನಿಂತು ಮುಗಿಸಿದರು.

ಬೆಳಿಗ್ಗೆ ಅಮ್ಮನನ್ನು ಕೇಳಿದೆ, ರಾತ್ರಿ ಸಿಸ್ಟರ್ ಹೆಸರೇನು ಅಂತ. ಅವಳಿಗೆ ಮರೆತುಹೋಗಿತ್ತು. "ಹೆಸರು ಗೊತ್ತಿಲ್ಲ ಕಣೋ. ಡ್ರಿಪ್ ನೋಡೋಳು ಅವಳೇ" ಅಂದಳು.