ತಿದ್ದಿದ ವಾಕ್ಯ ಯಾರದು?

ಕ್ರಿಯಾ ಸಂಶೋಧನೆಯ ವರದಿಯನ್ನು ಒಪ್ಪಿಸುವ ಮೊದಲು ಕಾಲೇಜಿನಲ್ಲೇ ಒಂದು ಮೌಖಿಕ ಪರೀಕ್ಷೆ ನಡೆಯಿತು. ನನ್ನ ಮಾರ್ಗದರ್ಶಕ ಮೇಡಂ ಹದಿನಾಲ್ಕನೇ ಪುಟ ತೆರೆದು ಕೇಳಿದರು: "ಇಲ್ಲಿ ಸಿಗ್ನಿಫಿಕೆಂಟ್ ಇಂಪ್ರೂವ್‌ಮೆಂಟ್ ಅಂತ ಬರೆದಿದ್ದೀಯಲ್ಲ, ಯಾವ ಪರೀಕ್ಷೆ ಹಚ್ಚಿ ನೋಡಿದೆ?" ನನಗೆ ಉತ್ತರ ಹೊಳೆಯಲಿಲ್ಲ. ಅಂಕಿಅಂಶಗಳ ವಿಷಯದಲ್ಲಿ ಆ ಪದಕ್ಕೆ ಬೇರೆಯೇ ಅರ್ಥ ಇದೆ ಎಂಬುದು ತರಗತಿಯಲ್ಲಿ ಕೇಳಿದ್ದೆ. ಆದರೆ ಆ ಪದ ನನ್ನ ವರದಿಯಲ್ಲಿದೆ ಎಂಬುದೇ ನನಗೆ ನೆನಪಿರಲಿಲ್ಲ. ಏಕೆಂದರೆ ಅದನ್ನು ಬರೆದವಳು ನಾನಲ್ಲ.

ನಾನು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಬಿಎಸ್ಸಿಯಲ್ಲಿ ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳಲು ಕಲಿತೆ, ಬರೆಯಲು ಅಷ್ಟಾಗಿ ಕಲಿಯಲಿಲ್ಲ. ನಾನು ಇಂಗ್ಲಿಷಿನಲ್ಲಿ ಬರೆದ ಈ ವರದಿ ಮೂರು ಕೈ ದಾಟಿ ಬಂದಿತ್ತು. ಮೊದಲನೆಯದು ಹಾಸ್ಟೆಲಿನ ಗೆಳತಿಯ ಕೈ. ಎರಡನೆಯದು ಮೇಡಂ ಅವರದು. ಮೂರನೆಯದು ಬಸ್ ನಿಲ್ದಾಣದ ಹತ್ತಿರದ ಡಿಟಿಪಿ ಅಂಗಡಿಯವರದು. ಅವರು ಟೈಪಿಂಗಿಗೆ ಪುಟಕ್ಕೆ 15 ರೂಪಾಯಿ, "ಇಂಗ್ಲಿಷ್ ಸರಿ ಮಾಡಿಕೊಡಲು" ಮೇಲೆ 20 ರೂಪಾಯಿ ತೆಗೆದುಕೊಂಡರು. ಮರುದಿನ ಸಂಜೆ ಬೈಂಡ್ ಆದ ಪ್ರತಿ ಕೈಗೆ ಬಂತು. ಅಚ್ಚುಕಟ್ಟಾಗಿತ್ತು. ಖುಷಿಯಲ್ಲಿ ಪೂರ್ತಿ ಓದದೆ ಒಯ್ದುಕೊಟ್ಟೆ.

ಮೌಖಿಕ ಪರೀಕ್ಷೆ ಮುಗಿದ ರಾತ್ರಿ ನನ್ನ ಕೈಬರಹದ ಕರಡನ್ನೂ ಅಚ್ಚಾದ ಪ್ರತಿಯನ್ನೂ ಪಕ್ಕಪಕ್ಕದಲ್ಲಿಟ್ಟು ಕುಳಿತೆ. ಚರ್ಚೆಯ ಭಾಗ ನಾಲ್ಕು ಪುಟ. ಬದಲಾದ ಪ್ರತಿಯೊಂದು ಜಾಗಕ್ಕೂ ಬಣ್ಣದ ಪೆನ್ಸಿಲಿನಿಂದ ಗುರುತು ಹಾಕಿದೆ. ಕಾಗುಣಿತ, ವಚನ, ಕಾಲ, ಆರ್ಟಿಕಲ್ ಬದಲಾಗಿದ್ದರೆ ಹಸಿರು. ವಾಕ್ಯದ ಕ್ರಮ ಬದಲಾಗಿ ಅರ್ಥ ಹಾಗೇ ಉಳಿದಿದ್ದರೆ ನೀಲಿ. ಎಣಿಕೆ, ಕಾರಣ, ಖಚಿತತೆ, ಅಥವಾ ಯಾರು ಹೇಳಿದರು ಎಂಬುದು ಬದಲಾಗಿದ್ದರೆ ಕೆಂಪು. ಹಸಿರೇ ಹೆಚ್ಚಾಗಿತ್ತು. ಕೆಂಪು ಆರೇ ಕಡೆ ಇತ್ತು. ಆದರೆ ನನ್ನ ಅಧ್ಯಯನದ ತಿರುಳೆಲ್ಲ ಆ ಆರು ಕಡೆಯೇ ಇತ್ತು.

ಒಂದನ್ನು ಬಿಡಿಸಿ ಹೇಳುತ್ತೇನೆ. ನನ್ನ ವಿಷಯ ಒಂಬತ್ತನೇ ತರಗತಿಯ ತೇಲುವಿಕೆ. ಭಾರವಾದದ್ದು ಮುಳುಗುತ್ತದೆ, ಹಗುರವಾದದ್ದು ತೇಲುತ್ತದೆ ಎಂದು ಮಕ್ಕಳು ನಂಬಿರುತ್ತಾರೆ. ಮೊಳೆ, ಮರದ ತುಂಡು, ಬಕೆಟ್ ನೀರು ಇಟ್ಟುಕೊಂಡು ನಾಲ್ಕು ಪಾಠ ಮಾಡಿದೆ. ಪೂರ್ವ ಪರೀಕ್ಷೆಯಲ್ಲಿ 34 ಮಕ್ಕಳಲ್ಲಿ 9 ಮಂದಿ ಸರಿಯಾದ ಕಾರಣ ಬರೆದಿದ್ದರು. ಕೊನೆಗೆ 21 ಮಂದಿ ಬರೆದರು. ನಡುವೆ ಒಬ್ಬ ಹುಡುಗಿ ಎದ್ದು, "ಮಿಸ್, ಸಿಪ್ಪೆ ಸುಲಿಯದ ತೆಂಗಿನಕಾಯಿ ಅಷ್ಟು ಭಾರ ಇದ್ರೂ ನಮ್ಮ ಬಾವಿಯಲ್ಲಿ ತೇಲುತ್ತೆ, ಅದರ ನಾರಿನೊಳಗೆ ಗಾಳಿ ಇರುತ್ತೆ" ಅಂದಳು. ನನ್ನ ಕರಡಿನಲ್ಲಿ ಹರಕುಮುರುಕು ಇಂಗ್ಲಿಷಿನಲ್ಲಿ ಬರೆದದ್ದು ಇಷ್ಟು: ಒಬ್ಬ ವಿದ್ಯಾರ್ಥಿನಿ ಗಾಳಿ ಕಾರಣ ಎಂದಳು, ಅದು ಪೂರ್ತಿ ತಪ್ಪಲ್ಲ. ಅಚ್ಚಾದ ಪ್ರತಿಯಲ್ಲಿ ಇದ್ದದ್ದು: ಒಳಗಿನ ಗಾಳಿಯೇ ತೇಲಲು ಕಾರಣ ಎಂಬ ತಪ್ಪು ಕಲ್ಪನೆ ವಿದ್ಯಾರ್ಥಿಗಳಲ್ಲಿತ್ತು.

ವ್ಯಾಕರಣದ ಮಟ್ಟಿಗೆ ಎರಡನೆಯದೇ ಒಳ್ಳೆಯ ವಾಕ್ಯ. ಆದರೆ ಒಬ್ಬಳು ಹೋಗಿ "ವಿದ್ಯಾರ್ಥಿಗಳು" ಆಯಿತು. ಪೂರ್ತಿ ತಪ್ಪಲ್ಲದ್ದು ತಪ್ಪು ಕಲ್ಪನೆಯಾಯಿತು. ನಾರಿನ ಸಂದುಗಳಲ್ಲಿ ಗಾಳಿ ಇರುವುದರಿಂದಲೇ ಇಡೀ ಕಾಯಿಯ ಸರಾಸರಿ ಸಾಂದ್ರತೆ ನೀರಿಗಿಂತ ಕಡಿಮೆಯಾಗುತ್ತದೆ. ಹುಡುಗಿ ಸಾಂದ್ರತೆ ಎಂಬ ಪದ ಬಳಸಲಿಲ್ಲ ಅಷ್ಟೇ, ಕಾರಣದ ಹತ್ತಿರ ಬಂದಿದ್ದಳು. ತಿದ್ದಿದವರಿಗೆ ಬಾವಿಯೂ ಗೊತ್ತಿಲ್ಲ, ಹುಡುಗಿಯೂ ಗೊತ್ತಿಲ್ಲ. ಅಡ್ಡಾದಿಡ್ಡಿ ವಾಕ್ಯದಿಂದ ಅವರು ಊಹಿಸಿದರು, ಊಹೆ ನನ್ನ ಹೆಸರಿನಲ್ಲಿ ಅಚ್ಚಾಯಿತು. "ಸಿಗ್ನಿಫಿಕೆಂಟ್" ಕೂಡ ಹೀಗೇ ಬಂದದ್ದು. ನಾನು ಬರೆದದ್ದು 12 ಮಕ್ಕಳು ಹೆಚ್ಚಾದರು ಎಂದಷ್ಟೇ.

ಗೆಳತಿಯ ಸಹಾಯ ಬೇರೆ ಬಗೆಯದಾಗಿತ್ತು. ಅರ್ಥವಾಗದ ಕಡೆ ಅವಳು ತಾನೇ ವಾಕ್ಯ ಕಟ್ಟಲಿಲ್ಲ. "ಇದೇನೇ ಇದು, ಬಾಯಲ್ಲಿ ಹೇಳು" ಅನ್ನುತ್ತಿದ್ದಳು. ನಾನು ಕನ್ನಡದಲ್ಲಿ ಹೇಳುತ್ತಿದ್ದೆ, ಇಬ್ಬರೂ ಸೇರಿ ಇಂಗ್ಲಿಷ್ ಮಾಡುತ್ತಿದ್ದೆವು. ಕೆಲವು ಪದಗಳು ಪೂರ್ತಿ ಅವಳವೇ. ಆದರೂ ಅವುಗಳಲ್ಲಿ ಯಾವುದನ್ನು ಕೇಳಿದ್ದರೂ ಮೇಡಂ ಮುಂದೆ ಉತ್ತರ ಹೇಳಬಲ್ಲವಳಾಗಿದ್ದೆ. ಮೇಡಂ ಅವರಂತೂ ಅಂಚಿನಲ್ಲಿ ಪ್ರಶ್ನೆ ಮಾತ್ರ ಬರೆದಿದ್ದರು: "ಎಷ್ಟು ಮಕ್ಕಳು?", "ಹೇಗೆ ಗೊತ್ತು?" ಅವರಿಂದ ವರದಿ ಎಲ್ಲರಿಗಿಂತ ಹೆಚ್ಚು ಬದಲಾಯಿತು, ಆದರೆ ಬದಲಾಯಿಸಿದವಳು ನಾನು. ಹಾಗಾಗಿ ಎಷ್ಟು ಪದ ಬದಲಾಯಿತು ಎಂಬ ಲೆಕ್ಕದಿಂದ ಗೆರೆ ಎಳೆಯಲು ಆಗುವುದಿಲ್ಲ. ದುಡ್ಡು ಕೊಟ್ಟೆವೋ ಇಲ್ಲವೋ ಎಂಬುದರಿಂದಲೂ ಆಗುವುದಿಲ್ಲ. ಅಂಗಡಿಯವರು ಹಸಿರು ಮಾತ್ರ ಮಾಡಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ. ಗೆಳತಿ ಪುಕ್ಕಟೆಯಾಗಿ ಕೆಂಪು ಮಾಡಿದ್ದರೂ ವರದಿ ಅಷ್ಟೇ ಸಂದೇಹದ್ದಾಗುತ್ತಿತ್ತು.

ಇದನ್ನು ಮೇಡಂ ಹತ್ತಿರ ಹೇಳಿದಾಗ ಅವರು ಎರಡು ವಿಷಯ ತಿಳಿಸಿದರು. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಿಯಮದಂತೆ ಭಾಷೆ ತಿದ್ದಿದ ಮಾತ್ರಕ್ಕೆ ಯಾರೂ ಲೇಖಕರಾಗುವುದಿಲ್ಲ, ಅವರನ್ನು ಕೃತಜ್ಞತೆಯಲ್ಲಿ ಹೆಸರಿಸಬಹುದು. ಲೇಖಕರೆನಿಸಿಕೊಂಡವರು ಮಾತ್ರ ಬರಹಕ್ಕೆ ಹೊಣೆ ಹೊರಬೇಕು. ಇನ್ನೊಂದು, ಕೃತಿಚೌರ್ಯ ಪತ್ತೆ ಮಾಡುವ ತಂತ್ರಾಂಶ ಇದಕ್ಕೆ ಉಪಯೋಗವಿಲ್ಲ. ಅದು ಬೇರೆ ಬರಹದೊಂದಿಗಿನ ಹೋಲಿಕೆಯನ್ನಷ್ಟೇ ತೋರಿಸುತ್ತದೆ. ಹೊಸದಾಗಿ ಬೇರೆಯವರು ಬರೆದುಕೊಟ್ಟ ವಾಕ್ಯ ಅದರ ಕಣ್ಣಿಗೆ ಬೀಳುವುದಿಲ್ಲ. ಲೇಖಕರನ್ನು ಕೂರಿಸಿ ಕೇಳುವುದೇ ಗೊತ್ತುಮಾಡಿಕೊಳ್ಳುವ ದಾರಿ.

ಈ ಗೆರೆ ಎಲ್ಲ ಬರಹಕ್ಕೂ ಒಂದೇ ಕಡೆ ಇರುವುದಿಲ್ಲ. ಕ್ರಿಯಾ ಸಂಶೋಧನೆಯಲ್ಲಿ ಅಳೆಯುವುದು ನನ್ನ ಬೋಧನೆ ಮತ್ತು ವಿಚಾರವನ್ನು. ಅಲ್ಲಿ ಹಸಿರು, ನೀಲಿ ಎರಡೂ ನಡೆಯುತ್ತವೆ. ಪಠ್ಯ ಓದಿ ಪ್ರತಿಕ್ರಿಯೆ ಬರೆಯುವ ನಮ್ಮ ಇಪಿಸಿ ಕೆಲಸದಲ್ಲಿ ಬರವಣಿಗೆಯೂ ಅಳತೆಗೆ ಬರುತ್ತದೆ. ಅಲ್ಲಿ ನೀಲಿಯೂ ಹೆಚ್ಚಾಯಿತು. ಭಾಷಾ ಪರೀಕ್ಷೆಯಾದರೆ ಹಸಿರೂ ನನ್ನದೇ ಆಗಿರಬೇಕು.

ಆರು ಕೆಂಪು ವಾಕ್ಯಗಳನ್ನು ಮೊದಲು ಕನ್ನಡದಲ್ಲಿ ಬರೆದು, ಆಮೇಲೆ ನನಗೆ ಬರುವ ಇಂಗ್ಲಿಷಿನಲ್ಲಿ ಮತ್ತೆ ಬರೆದೆ. ಒಂದೆರಡು ಗಿಡ್ಡ, ಒರಟು. ಬೈಂಡಿಂಗ್ ಬಿಚ್ಚಿಸಿ ಮತ್ತೆ ಮಾಡಿಸಲು 80 ರೂಪಾಯಿ ಆಯಿತು. ಕೃತಜ್ಞತೆಯ ಪುಟದಲ್ಲಿ ಗೆಳತಿ ಯಾವ ಭಾಗಕ್ಕೆ ನೆರವಾದಳು, ವ್ಯಾಕರಣವನ್ನು ಹಣ ಕೊಟ್ಟು ತಿದ್ದಿಸಿದ್ದೇನೆ ಎಂಬ ಎರಡು ಸಾಲು ಸೇರಿಸಿದೆ. ಬರೆಯುವಾಗ ಅಂಕ ಕಡಿಮೆಯಾದೀತೆಂಬ ಅಳುಕು ಇದ್ದೇ ಇತ್ತು.

ಅದಾದ ಮೇಲೆ ಮಕ್ಕಳ ನೋಟ್ಸ್ ತಿದ್ದುವಾಗ ನನ್ನ ಕೆಂಪು ಪೆನ್ನು ಸ್ವಲ್ಪ ತಡೆಯುತ್ತದೆ. ಅರ್ಥವಾಗದ ವಾಕ್ಯ ಸಿಕ್ಕರೆ ಮಗುವನ್ನು ಮೇಜಿನ ಹತ್ತಿರ ಕರೆದು, "ಬಾಯಲ್ಲಿ ಹೇಳು" ಅನ್ನುತ್ತೇನೆ.