ಬಿಸಿಲಿಗೆ ಫೋನ್ ನಿಲ್ಲುತ್ತೆ, ತಮ್ಮ ನಿಲ್ಲೋ ಹಾಗಿಲ್ಲ

ನನ್ನ ಚಿಕ್ಕಮ್ಮನ ಮಗ ಮಧುಗಿರಿಯಲ್ಲಿ ಪಾರ್ಸೆಲ್ ಡೆಲಿವರಿ ಮಾಡ್ತಾನೆ. ಮೊದಲು ಪಾವಗಡದ ಕಡೆ ಇದ್ದ, ಈಗ ಕೊರಟಗೆರೆ ರಸ್ತೆಯ ಹಳ್ಳಿಗಳು ಅವನ ಪಾಲು. ಏಪ್ರಿಲ್‌ನಲ್ಲಿ ಊರಿಗೆ ಹೋದಾಗ, "ಅಣ್ಣಾ, ಕಂಪನಿಗೆ ಒಂದು ಲೆಟರ್ ಬರೆಯಬೇಕು, ನೀನು ಸ್ವಲ್ಪ ನೋಡು" ಅಂತ ನೋಟ್‌ಬುಕ್ ಹಾಳೆ ಕೊಟ್ಟ. ಅದರಲ್ಲಿ ಮೂರೇ ಸಾಲು: ಹೆಲ್ಮೆಟ್ ಕೊಡಿ, ಮಧ್ಯಾಹ್ನ ಬಿಡುವು ಕೊಡಿ, ಬಿಸಿಲಿಗೆ ಏನಾದರೂ ಮಾಡಿ.

ಇಂಗ್ಲಿಷ್‌ಗೆ ಹಾಕಿ ಮೇಲ್ ಮಾಡಿದರೆ ಮುಗೀತು ಅಂದುಕೊಂಡೆ. ಅವನ ಜೊತೆ ಒಂದು ದಿನ ಹಿಂದಿನ ಸೀಟಲ್ಲಿ ಕೂತು ಹೋದಮೇಲೆ ಆ ಮೂರೂ ಬೇರೆ ಬೇರೆ ಅಲ್ಲ ಅಂತ ಗೊತ್ತಾಯ್ತು.

ಅವತ್ತು 52 ಪಾರ್ಸೆಲ್ ಇದ್ವು. ಹಬ್‌ಗೆ ಲಾರಿ ಬರೋದೇ ಎಂಟೂವರೆಗೆ. ವಿಂಗಡಿಸಿ, ಸ್ಕ್ಯಾನ್ ಮಾಡಿ ಹೊರಡುವಾಗ ಒಂಬತ್ತೂವರೆ. ಹನ್ನೆರಡು ಗಂಟೆ ಹೊತ್ತಿಗೆ ಹೆಲ್ಮೆಟ್ ತೆಗೆದು ಕನ್ನಡಿಗೆ ನೇತುಹಾಕಿದ. ಬೈದೆ. "ನೀನು ಹಾಕ್ಕೊಂಡು ನೋಡು" ಅಂದ. ಹಾಕ್ಕೊಂಡೆ. ಒಳಗೆ ಗಾಳಿ ಆಡಲ್ಲ, ಬೆವರು ಕಣ್ಣಿಗೆ ಇಳಿಯುತ್ತೆ. ಅವನದ್ದು ರಸ್ತೆ ಬದಿಯಲ್ಲಿ ಕೊಂಡ ಟೋಪಿಯಂಥ ಹೆಲ್ಮೆಟ್, ಒಳಗಿನ ಥರ್ಮೋಕೋಲ್ ಪದರ ಆಗಲೇ ಬಿರುಕು ಬಿಟ್ಟಿತ್ತು. ಬಿದ್ದಾಗ ಏಟನ್ನು ತಡೆಯಬೇಕಾದ್ದು ಆ ಪದರವೇ. ಅದು ಹೋದಮೇಲೆ ಉಳಿಯೋದು ಪ್ಲಾಸ್ಟಿಕ್ ಚಿಪ್ಪು ಮಾತ್ರ. ಒಳ್ಳೆ ಹೆಲ್ಮೆಟ್ ಕೊಟ್ಟು ಉರಿಬಿಸಿಲಲ್ಲಿ ಓಡಿಸಿದರೂ ಅದು ಕನ್ನಡಿ ಮೇಲೆಯೇ ಇರುತ್ತೆ. ಬಿಡುವು ಇಲ್ಲದೆ ಹೆಲ್ಮೆಟ್ ಕೇಳಿ ಪ್ರಯೋಜನ ಇಲ್ಲ.

ಒಂದು ಗಂಟೆಗೆ ಹ್ಯಾಂಡಲ್ ಮೇಲಿದ್ದ ಫೋನ್ ಬಿಸಿಯಾಗಿ, ತಣ್ಣಗಾಗುವವರೆಗೂ ಕೆಲಸ ಮಾಡಲ್ಲ ಅಂತ ತೋರಿಸಿ ನಿಂತುಬಿಡ್ತು. ಹುಣಸೇಮರದ ಕೆಳಗೆ ಕೂತ್ವಿ. "ನೋಡಣ್ಣ, ಇದಕ್ಕೆ ರಜೆ ಸಿಕ್ತು" ಅಂತ ನಕ್ಕ. ನನಗೆ ನಗು ಬರಲಿಲ್ಲ. ಹಿಂದಿನ ವಾರ ಇದೇ ಹೊತ್ತಲ್ಲಿ ಅವನಿಗೆ ತಲೆ ಸುತ್ತಿ, ಗೊತ್ತಿರೋ ಮನೆಯ ದಾರಿಯೇ ತಪ್ಪಿತ್ತಂತೆ. ಬಿಸಿಲಲ್ಲಿ ದುಡಿಯುವವನಿಗೆ ಮಾತು ತೊದಲಿದರೆ, ಗೊಂದಲವಾದರೆ ಅದು ಸುಸ್ತಲ್ಲ. ತಕ್ಷಣ ನೆರಳಿಗೆ ತಂದು, ಮೈಗೆ ನೀರು ಸುರಿದು ಗಾಳಿ ಬೀಸಿ, ಆಸ್ಪತ್ರೆಗೆ ಕರೆದೊಯ್ಯಬೇಕಾದ ಸ್ಥಿತಿ. ಒಬ್ಬನೇ ಇರುವ ರೈಡರ್‌ಗೆ ನೀರು ಸುರಿಯೋರು ಯಾರು?

"ಹಾಗಿದ್ರೆ ಮೂರು ಗಂಟೆ ನಿಂತುಬಿಡು" ಅಂದೆ. ಸುಲಭವಾಗಿ ಅಂದುಬಿಟ್ಟೆ. ಅವನಿಗೆ ದುಡ್ಡು ಪಾರ್ಸೆಲ್ ಲೆಕ್ಕದಲ್ಲಿ. ಒಂಬತ್ತು ಗಂಟೆ ಕೆಲಸದಲ್ಲಿ ಮೂರು ಗಂಟೆ ಬಿಟ್ಟರೆ ಹೆಚ್ಚುಕಡಿಮೆ 35 ಪಾರ್ಸೆಲ್ ಆಗುತ್ತೆ. ಉಳಿದ 17 ಹಬ್‌ಗೆ ವಾಪಸ್. ಅದಕ್ಕೆ ದುಡ್ಡಿಲ್ಲ, ಮೇಲೆ ಅವನ ಹೆಸರಿಗೆ 'ಫೇಲ್' ಅಂತ ಬೀಳುತ್ತೆ. ಕತ್ತಲಾದಮೇಲೆ ತೋಟದ ಮನೆಗಳಿಗೆ ಹೋಗೋದೂ ಕಷ್ಟ.

ಇಲ್ಲಿ ನನ್ನ ಕೆಲಸದ ಬುದ್ಧಿ ಸ್ವಲ್ಪ ಉಪಯೋಗಕ್ಕೆ ಬಂತು. ದಾರಿ ಲೆಕ್ಕ ಹಾಕುವ ಸಾಫ್ಟ್‌ವೇರ್‌ಗಳಲ್ಲಿ ಗ್ರಾಹಕರಿಗೆ ಸಮಯದ ಮಿತಿ ಹಾಕೋದು ಹಳೇ ವಿಷಯ. ಆಫೀಸ್ ಭಾನುವಾರ ಮುಚ್ಚಿರುತ್ತೆ, ಅಂಗಡಿ ಹತ್ತಕ್ಕೆ ತೆರೆಯುತ್ತೆ ಅನ್ನೋದನ್ನು ಅದು ಒಪ್ಪಿಕೊಳ್ಳುತ್ತೆ. ರೈಡರ್ ಹನ್ನೆರಡರಿಂದ ಮೂರರವರೆಗೆ ಇರಲ್ಲ ಅನ್ನೋದೂ ಅದೇ ಥರದ ಇನ್ನೊಂದು ಮಿತಿ. ಹಾಗಾಗಿ 'ಬಿಡುವು ಕೊಡಿ' ಅನ್ನೋದನ್ನು ಹೀಗೆ ಬದಲಾಯಿಸಿದ್ವಿ:

"ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನ 12ರಿಂದ 3ರವರೆಗೆ ಯಾವ ಡೆಲಿವರಿಗೂ ಸಮಯ ನಿಗದಿ ಮಾಡಬೇಡಿ. ಆ ಹೊತ್ತಲ್ಲಿ ಉಳಿದದ್ದನ್ನು ಫೇಲ್ ಎಂದು ಎಣಿಸಬೇಡಿ. ಲಾರಿ 6 ಗಂಟೆಗೆ ಬರಲಿ, ನಾವು 7ಕ್ಕೆ ಹೊರಡುತ್ತೇವೆ. ಪಾರ್ಸೆಲ್ ಕಡಿಮೆಯಾದ ದಿನಕ್ಕೆ ಕನಿಷ್ಠ ಮೊತ್ತ ಕೊಡಿ."

ಲಾರಿಯ ಸಾಲು ಅವನದ್ದೇ. ಏಳಕ್ಕೆ ಹೊರಟರೆ ಬಿಸಿಲೇರುವ ಮುಂಚೆಯೇ ಎರಡೂವರೆ ಗಂಟೆ ಜಾಸ್ತಿ ಸಿಗುತ್ತೆ, ಮಧ್ಯಾಹ್ನದ ನಷ್ಟ ಬಹುಪಾಲು ಅಲ್ಲೇ ತುಂಬುತ್ತೆ. ನನಗಂತೂ ಇದು ಹೊಳೆದಿರಲಿಲ್ಲ. ಹೆಲ್ಮೆಟ್‌ಗೆ "ಐಎಸ್ಐ ಗುರುತಿನದು, ತಲೆಯ ಅಳತೆಗೆ ತಕ್ಕದ್ದು, ಗಾಳಿಕಿಂಡಿ ಇರುವುದು, ಬಿದ್ದು ಪೆಟ್ಟಾದರೆ ಬದಲಿ" ಅಂತ ಸೇರಿಸಿದ್ವಿ. ಬಿಸಿಲಿಗೆ ಕೇಳಿದ್ದು ಹಬ್‌ನಲ್ಲಿ ನೆರಳು, ಕುಡಿಯುವ ನೀರು, ಓಆರ್‌ಎಸ್ ಪುಡಿ.

2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯ್ದೆ ತಂದಿದೆ ಅಂತ ನಾನೇ ಅವನಿಗೆ ಹೇಳಿದ್ದು. ಒಂದೊಂದು ಕೆಲಸಕ್ಕೆ ರೈಡರ್‌ಗೆ ಕೊಡುವ ಮೊತ್ತದ ಮೇಲೆ ಶೇ. 1ರಿಂದ 5ರವರೆಗೆ ಕಂಪನಿ ಕಲ್ಯಾಣ ನಿಧಿಗೆ ಕಟ್ಟಬೇಕು. ಕೆಲಸದಿಂದ ತೆಗೆಯೋಕೆ ಮುಂಚೆ ಕಾರಣ ಬರೆದು 14 ದಿನದ ನೋಟಿಸ್ ಕೊಡಬೇಕು. ನಿಧಿಯ ದುಡ್ಡಲ್ಲಿ ಹೆಲ್ಮೆಟ್ ತಾನಾಗೇ ಬರಲ್ಲ, ಆದರೆ ನೋಟಿಸ್ ವಿಷಯ ಕೇಳಿ ಅವನ ಮುಖ ಬದಲಾಯ್ತು. ಪತ್ರ ಕಳಿಸಿದ ಮರುದಿನವೇ ಐಡಿ ಬ್ಲಾಕ್ ಆಗುತ್ತೆ ಅನ್ನೋದೇ ಅವನ ಹೆದರಿಕೆಯಾಗಿತ್ತು. ಆದರೂ ಒಬ್ಬನ ಹೆಸರಲ್ಲಿ ಬೇಡ ಅಂತ, ಶಿರಾ ಹಬ್‌ನಲ್ಲಿರೋ ಸ್ನೇಹಿತರನ್ನೂ ಸೇರಿಸಿ ಹನ್ನೊಂದು ಜನ ಸಹಿ ಹಾಕಿದ್ರು.

ಮೊದಲು ಆಪ್‌ನಲ್ಲೇ ಹಾಕಿದ್ವಿ. ಎರಡು ದಿನದಲ್ಲಿ 'ಪರಿಹರಿಸಲಾಗಿದೆ' ಅಂತ ಟಿಕೆಟ್ ಮುಚ್ಚಿತು. ನಾನೂ ಇಂಥ ಟಿಕೆಟ್‌ಗಳನ್ನು ಮುಚ್ಚಿದವನೇ, ಹಾಗಾಗಿ ಜೋರು ಮಾಡೋಕೆ ಬಾಯಿ ಬರಲಿಲ್ಲ. ಆಮೇಲೆ ಕನ್ನಡದಲ್ಲೇ ಟೈಪ್ ಮಾಡಿಸಿ, ಒಂದು ಪ್ರತಿ ಕಂಪನಿಗೆ, ಒಂದು ತುಮಕೂರಿನ ಕಾರ್ಮಿಕ ಇಲಾಖೆ ಕಚೇರಿಗೆ ಸ್ಪೀಡ್ ಪೋಸ್ಟ್ ಮಾಡಿದ. ಉತ್ತರ ಇನ್ನೂ ಬಂದಿಲ್ಲ. ರಸೀದಿಗಳೆರಡನ್ನೂ ಫೋನ್ ಕವರ್ ಹಿಂದೆ ಇಟ್ಟುಕೊಂಡು ತಿರುಗ್ತಿದ್ದಾನೆ.